ಅಡಿಲೇಡ್ ದಾರಿಯ ಕಂಬ

ಒಣಗಿದ ಗೋಧಿ ಹೊಲಗಳ ನಡುವೆ ನೆಟ್ಟಗೆ ಹೋಗುವ ಟಾರು ರಸ್ತೆ, ಬದಿಯಲ್ಲಿ ನೀಲಗಿರಿ ಮರಗಳು, ಬಲಗಡೆಯಿಂದ ಎದುರು ಬರುತ್ತಿರುವ ಒಂದು ಲಾರಿ. ಫೋಟೊದಲ್ಲಿ ಊರಿನ ಹೆಸರೂ ಇಲ್ಲ, ಅಂಗಡಿಯ ಬೋರ್ಡೂ ಇಲ್ಲ. ಇದು ಯಾವ ದೇಶ? ಜಿಯೋಗೆಸರ್ ಆಟದಲ್ಲಿ ಪಳಗಿದವರು ಇಂಥ ಚಿತ್ರ ಸಿಕ್ಕರೆ ಮರದ ಕಡೆ ನೋಡುವುದೇ ಇಲ್ಲ. ನೀಲಗಿರಿ ಇಂದು ಎಲ್ಲಿಲ್ಲ ಹೇಳಿ?

ಅವರ ಕಣ್ಣು ಮೊದಲು ರಸ್ತೆಯ ಗೆರೆಗಳಿಗೆ ಹೋಗುತ್ತದೆ. ಲಾರಿ ಬಲಗಡೆಯಿಂದ ಬರುತ್ತಿದೆ ಎಂದರೆ ಇಲ್ಲಿ ವಾಹನಗಳು ಎಡಬದಿಯಲ್ಲಿ ಓಡುತ್ತವೆ. ಅಲ್ಲಿಗೆ ಅಮೆರಿಕ, ಬ್ರೆಜಿಲ್, ಯುರೋಪಿನ ಬಹುಭಾಗ ಕೈಬಿಟ್ಟಂತಾಯಿತು. ಇನ್ನು ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ, ನಮೀಬಿಯಾಗಳಲ್ಲಿ ನಡುಗೆರೆ ಬಿಳಿ, ಅಂಚಿನ ಗೆರೆ ಹಳದಿ. ಈ ಫೋಟೊದಲ್ಲಿ ಅಂಚೂ ಬಿಳಿ. ನ್ಯೂಜಿಲೆಂಡ್‌ನಲ್ಲಿ ಓವರ್‌ಟೇಕ್ ಮಾಡಬಾರದ ಕಡೆ ನಡುವೆ ಅಖಂಡ ಹಳದಿ ಗೆರೆ ಎಳೆದಿರುತ್ತಾರೆ. ಆಸ್ಟ್ರೇಲಿಯಾದಲ್ಲಿ ಅದೂ ಸಾಮಾನ್ಯವಾಗಿ ಬಿಳಿಯೇ. ಆದರೆ ನಮ್ಮ ರಸ್ತೆ ನೆಟ್ಟಗಿದೆ, ನಡುವೆ ತುಂಡುಗೆರೆ ಮಾತ್ರ. ಹಾಗಾಗಿ ಈ ಎರಡರಲ್ಲಿ ಯಾವುದೆಂದು ಗೆರೆಯಿಂದ ತೀರ್ಮಾನಿಸಲಾಗದು.

ಈಗ ರಸ್ತೆಬದಿಯ ಗೂಟ ನೋಡಬೇಕು. ನ್ಯೂಜಿಲೆಂಡ್‌ನ ಬಿಳಿ ಗೂಟಕ್ಕೆ ಕೆಂಪು ಪಟ್ಟಿ ಸುತ್ತಿಕೊಂಡಿರುತ್ತದೆ. ಆಸ್ಟ್ರೇಲಿಯಾದ್ದರಲ್ಲಿ ಪಟ್ಟಿಯಿಲ್ಲ, ಚಾಲಕನ ಎಡಕ್ಕೆ ಚಿಕ್ಕ ಕೆಂಪು ರಿಫ್ಲೆಕ್ಟರ್, ಬಲಕ್ಕೆ ಬಿಳಿಯದು. ನಮ್ಮ ಚಿತ್ರದಲ್ಲಿರುವುದು ಈ ಎರಡನೆಯ ಬಗೆ. ದೇಶ ಆಸ್ಟ್ರೇಲಿಯಾ.

ಅಷ್ಟಕ್ಕೇ ತೃಪ್ತರಾಗದವರಿಗೆ ವಿದ್ಯುತ್ ಕಂಬ ಇನ್ನೂ ಹೇಳುತ್ತದೆ. ಆ ದೇಶದ ಬಹಳ ಕಡೆ ಕಂಬಗಳು ಮರದವು. ಚಿತ್ರದ ಕಂಬವಾದರೋ ಎರಡು ಉಕ್ಕಿನ ತೊಲೆಗಳ ನಡುವೆ ಕಾಂಕ್ರೀಟ್ ತುಂಬಿದ್ದು: ಒಂದು ಮಗ್ಗುಲಿಂದ ನೋಡಿದರೆ ಅಗಲ, ಇನ್ನೊಂದರಿಂದ ಕಿರಿದು, ಮೇಲೇರಿದಂತೆ ಸಪೂರ. ಇದರ ಹೆಸರು ಸ್ಟೋಬಿ ಕಂಬ. ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿ ಕಂಬಕ್ಕೊದಗುವ ಉದ್ದನೆಯ ಮರ ವಿರಳ, ಗೆದ್ದಲಿನ ಕಾಟ ಬೇರೆ. ಅದಕ್ಕಾಗಿ ಅಡಿಲೇಡ್‌ನ ವಿದ್ಯುತ್ ಕಂಪನಿಯ ಎಂಜಿನಿಯರ್ ಜೇಮ್ಸ್ ಸಿರಿಲ್ ಸ್ಟೋಬಿ 1924ರಲ್ಲಿ ಇದನ್ನು ರೂಪಿಸಿದರು. ಆ ರಾಜ್ಯದಾಚೆ ಇದು ಕಾಣುವುದು ಅಪರೂಪ. ಒಂದು ಕಂಬದಿಂದ ದೇಶವಷ್ಟೇ ಅಲ್ಲ, ರಾಜ್ಯವೂ ಸಿಕ್ಕಿತು.

ಮೂರರಲ್ಲಿ ಬೇಗ ಮೋಸ ಮಾಡುವುದು ಬಣ್ಣ. ಮಾಸಿದ ಹಳದಿ ಫೋಟೊದಲ್ಲಿ ಬಿಳಿಯಂತೆ ಕಂಡೀತು. ಆಸ್ಟ್ರೇಲಿಯಾದಲ್ಲೇ ಹಿಮ ಬೀಳುವ ಬೆಟ್ಟಗಳ ರಸ್ತೆಗಳಿಗೆ ಹಳದಿ ಗೆರೆ ಬಳಿಯುವುದುಂಟು. ನಿಯಮಗಳೂ ಬದಲಾಗುತ್ತವೆ. ಫಿನ್ಲೆಂಡ್‌ನಲ್ಲಿ ಓವರ್‌ಟೇಕ್ ನಿಷೇಧದ ಗೆರೆ ಹಳದಿಯಿತ್ತು. 2020ರಲ್ಲಿ ಜಾರಿಯಾದ ಹೊಸ ಕಾನೂನು ಅದನ್ನು ಬಿಳಿ ಮಾಡಿತು. ಹಾಗಾಗಿ ಗೆರೆಯನ್ನು ನಂಬುವ ಮುನ್ನ ಫೋಟೊ ಯಾವ ವರ್ಷದ್ದೆಂದು ನೋಡಿಕೊಳ್ಳಿ.