ಡಬ್ಬಿಯ ಗುಣ ಅದರ ಬಾಯಲ್ಲಿ

ಈ ಸಲದ ವಿಮರ್ಶೆಗೆ ಎತ್ತಿಕೊಂಡಿರುವುದು ಒಂದು ಸ್ಟೀಲ್ ಟಿಫಿನ್ ಕ್ಯಾರಿಯರ್. ಮೂರು ಅಂತಸ್ತು, ಮೇಲೊಂದು ಮುಚ್ಚಳ, ಎರಡೂ ಪಕ್ಕದಲ್ಲಿ ಕ್ಲಿಪ್ಪಿನ ಪಟ್ಟಿ, ಎತ್ತಿಕೊಳ್ಳಲು ಹಿಡಿ. ಅಡುಗೆಮನೆಯ ತಕ್ಕಡಿಯಲ್ಲಿಟ್ಟಾಗ ಖಾಲಿ ತೂಕ 740 ಗ್ರಾಂ ಬಂತು. ಒಂದೊಂದು ಡಬ್ಬಿಯ ಬಾಯಿ 12 ಸೆಂಟಿಮೀಟರ್ ಅಗಲ, ಎತ್ತರ ನಾಲ್ಕು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಹನ್ನೊಂದು ವರ್ಷ ಇದು ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ನನ್ನ ಜೊತೆ ಹೋಗಿ ಬಂದಿದೆ. ಅದಕ್ಕೇ ಎರಡು ದಿನ ಇಟ್ಟುಕೊಂಡು ನೋಡಿ ಬರೆಯುವ ವಿಮರ್ಶೆ ಇದಲ್ಲ.

ಡಬ್ಬಿ ಕೊಳ್ಳುವಾಗ ನಾವು ಹೊಳಪು ನೋಡುತ್ತೇವೆ, ತೂಕ ನೋಡುತ್ತೇವೆ, ಬೆರಳಿನಿಂದ ತಟ್ಟಿ ಸದ್ದು ಕೇಳುತ್ತೇವೆ. ನನ್ನ ಅನುಭವದಲ್ಲಿ ಡಬ್ಬಿಯ ಹಣೆಬರಹ ನಿಂತಿರುವುದು ಅದರ ಬಾಯಿಯ ಮೇಲೆ. ಮುಚ್ಚಳ ಬಂದು ಕೂರುವ ಆ ಅಂಚು ಸರಿಯಿದ್ದರೆ ಮಿಕ್ಕದ್ದನ್ನೆಲ್ಲ ಸಹಿಸಿಕೊಳ್ಳಬಹುದು. ಅದು ಸರಿಯಿಲ್ಲದಿದ್ದರೆ ಎಷ್ಟು ಒಳ್ಳೆಯ ಸ್ಟೀಲ್ ಆದರೂ ಬ್ಯಾಗಿನಲ್ಲಿ ಸಾರು ಚೆಲ್ಲುವುದು ಖಂಡಿತ.

ಆ ಬಾಯಿ ಹೇಗೆ ಹುಟ್ಟುತ್ತದೆ ಎಂದು ನೋಡಿದರೆ ತೊಂದರೆ ಎಲ್ಲಿಂದ ಬರುತ್ತದೆಂದು ತಿಳಿಯುತ್ತದೆ. ಡಬ್ಬಿಯ ಗೋಡೆಯಲ್ಲಿ ಬೆಸುಗೆ ಇಲ್ಲ. ದುಂಡಗೆ ಕತ್ತರಿಸಿದ ಒಂದು ಸ್ಟೀಲ್ ತಗಡನ್ನು ಅಚ್ಚಿನ ಮೇಲಿಟ್ಟು ಪ್ರೆಸ್ ಯಂತ್ರದಿಂದ ಒಳಕ್ಕೆ ಒತ್ತಿ ಇಳಿಸುತ್ತಾರೆ. ನನ್ನ ಡಬ್ಬಿಯ ಅಳತೆಯಿಂದ ಲೆಕ್ಕ ಹಾಕಿದರೆ ಆ ತಗಡಿನ ಅಗಲ ಹತ್ತಿರ ಹತ್ತಿರ 18.5 ಸೆಂಟಿಮೀಟರ್ ಇದ್ದಿರಬೇಕು. ಅಷ್ಟು ಅಗಲದ ತಗಡಿನ ಸುತ್ತಳತೆ 58 ಸೆಂಟಿಮೀಟರ್. ಅದೇ ಅಂಚು ಡಬ್ಬಿಯ ಬಾಯಾಗುವ ಹೊತ್ತಿಗೆ ಸುತ್ತಳತೆ 38 ಸೆಂಟಿಮೀಟರಿಗೆ ಇಳಿದಿರುತ್ತದೆ. ಮಿಕ್ಕ 20 ಸೆಂಟಿಮೀಟರನ್ನು ಯಾರೂ ಕತ್ತರಿಸಿ ತೆಗೆಯುವುದಿಲ್ಲ, ಲೋಹ ತನ್ನೊಳಗೇ ಒತ್ತಿಕೊಂಡು ಚಿಕ್ಕದಾಗಬೇಕು. ಸೀರೆಯ ಅಂಚನ್ನು ದಾರದಿಂದ ಎಳೆದರೆ ನೆರಿಗೆ ಬೀಳುವ ಹಾಗೆ ತಗಡಿಗೂ ನೆರಿಗೆ ಬೀಳಬೇಕೆನಿಸುತ್ತದೆ. ಬೀಳದಿರಲಿ ಎಂದು ಅದರ ಸುತ್ತ ಒಂದು ಬಳೆಯನ್ನು ಬಿಗಿಯಾಗಿ ಒತ್ತಿ ಹಿಡಿದಿರುತ್ತಾರೆ. ಒತ್ತಡ ಕಡಿಮೆಯಾದರೆ ಸುಕ್ಕು, ಹೆಚ್ಚಾದರೆ ತಳದ ತಿರುವಿನಲ್ಲಿ ಬಿರುಕು.

ಇಷ್ಟೆಲ್ಲ ಆದಮೇಲೂ ಮೇಲಂಚು ಸಮ ಇರುವುದಿಲ್ಲ, ಕೆಲವು ಕಡೆ ಎತ್ತರ ಕೆಲವು ಕಡೆ ತಗ್ಗು. ಅದನ್ನು ಕತ್ತರಿಸಿ ಸಮ ಮಾಡಿ, ಕೈಗೆ ಚುಚ್ಚದಂತೆ ಮಡಿಸುತ್ತಾರೆ. ಇಡೀ ಡಬ್ಬಿಯಲ್ಲಿ ಅತಿ ಹೆಚ್ಚು ಹಿಂಡಿಸಿಕೊಂಡ ಜಾಗ ಈ ಬಾಯಿಯೇ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ತಂದು ನೋಡಿದೆ. ನನ್ನ ಡಬ್ಬಿಯ ತಳದ ನಡುಮಧ್ಯದಲ್ಲಿ ಅದು ಹಿಡಿಯಲೇ ಇಲ್ಲ, ಅಂಚಿನ ಹತ್ತಿರ ತಂದಾಗ ಮೆಲ್ಲಗೆ ಎಳೆಯಿತು. ಸ್ಟೀಲ್ ಒಂದೇ. ತಣ್ಣಗಿರುವಾಗಲೇ ಬಲವಾಗಿ ಎಳೆದು ಹಿಂಡಿದ ಕಡೆ ಅದರ ಒಳರಚನೆ ಕೊಂಚ ಬದಲಾಗಿ ಅಯಸ್ಕಾಂತಕ್ಕೆ ಓಗೊಡುತ್ತದೆ, ಅಷ್ಟೆ. ಹಾಗಾಗಿ ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು "ಅಂಟಿತು, ಇದು ಡೂಪ್ಲಿಕೇಟ್" ಎನ್ನುವುದು ಸರಿಯಲ್ಲ. ಅಂಟದಿದ್ದರೆ ಒಳ್ಳೆಯದು ಎನ್ನುವುದೂ ಸರಿಯಲ್ಲ. 304 ಎಂಬ ದರ್ಜೆಯ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. 202 ಎಂಬ ಅಗ್ಗದ ದರ್ಜೆಯಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಯಸ್ಕಾಂತಕ್ಕೆ ಇವೆರಡರ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಸ್ಟೀಲ್ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಎಂದು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿದೆ. ಆ ಗುರುತಿಗಾಗಿ ಹುಡುಕುವುದು ಅಯಸ್ಕಾಂತಕ್ಕಿಂತ ಮೇಲು.

ಈಗ ಸೋರುವ ಪರೀಕ್ಷೆ. ಮುಕ್ಕಾಲು ಭಾಗ ನೀರು ತುಂಬಿ, ಕ್ಲಿಪ್ ಹಾಕಿ, ಹಳೇ ಪೇಪರಿನ ಮೇಲೆ ಕ್ಯಾರಿಯರನ್ನು ಅಡ್ಡ ಮಲಗಿಸಿದೆ. ಹತ್ತು ನಿಮಿಷದ ನಂತರ ಕೆಳಗಿನ ಡಬ್ಬಿಯ ಹತ್ತಿರ ಪೇಪರ್ ಒಣಗೇ ಇತ್ತು, ನಡುವಿನ ಡಬ್ಬಿಯ ಹತ್ತಿರ ಅಂಗೈಯಗಲ ನೆನೆದಿತ್ತು. ತಪ್ಪು ನಡುವಿನದಲ್ಲ. ಕ್ಯಾರಿಯರಿನಲ್ಲಿ ಮೇಲಿನ ಡಬ್ಬಿಯ ತಳವೇ ಕೆಳಗಿನ ಡಬ್ಬಿಗೆ ಮುಚ್ಚಳ. ನನ್ನ ಮೇಲಿನ ಡಬ್ಬಿ ಒಮ್ಮೆ ಪ್ಲಾಟ್‌ಫಾರ್ಮಿನಲ್ಲಿ ಕೈಜಾರಿ ಬಿದ್ದು ತಳದ ಅಂಚಿನಲ್ಲಿ ಕಡಲೆಕಾಳಿನಷ್ಟು ನೆಗ್ಗಿದೆ. ನೀರು ಬಂದದ್ದು ಆ ನೆಗ್ಗಿನಿಂದ. ಡಬ್ಬಿಗಳ ಸ್ಥಾನ ಅದಲು ಬದಲು ಮಾಡಿ ನೆಗ್ಗಿದ್ದನ್ನು ಎಲ್ಲಕ್ಕಿಂತ ಕೆಳಗೆ ಹಾಕಿದೆ. ಅಲ್ಲಿ ಅದರ ತಳ ಯಾರಿಗೂ ಮುಚ್ಚಳವಲ್ಲ. ಸೋರುವುದು ನಿಂತಿತು. ಹಳೆಯ ಕ್ಯಾರಿಯರ್ ಸೋರುತ್ತದೆಂದು ಮೂಲೆಗೆ ಹಾಕಿದವರು ಮೊದಲು ಇದೊಂದನ್ನು ಮಾಡಿ ನೋಡಬೇಕು. ಕ್ಲಿಪ್ ಸಡಿಲವಾಗಿದ್ದರೂ ಇದೇ ಗತಿ, ಏಕೆಂದರೆ ಮೂರು ಬಾಯಿಗಳನ್ನೂ ಒತ್ತಿ ಹಿಡಿದಿರುವುದು ಅದೊಂದೇ. ಕೊಕ್ಕೆಯನ್ನು ಇಕ್ಕಳದಲ್ಲಿ ಹಿಡಿದು ಕೂದಲೆಳೆಯಷ್ಟು ಒಳಕ್ಕೆ ಬಗ್ಗಿಸಿದರೆ ಬಿಗಿ ಮತ್ತೆ ಬರುತ್ತದೆ.

ಹುಳಿ, ಸಾರು ಯಾವಾಗಲೂ ಕೆಳಗಿನ ಡಬ್ಬಿಗೆ, ಅದೂ ಮುಕ್ಕಾಲಿಗಿಂತ ಹೆಚ್ಚಿಲ್ಲ. ಮೇಲಿನದರಿಂದ ಒಂದು ತೊಟ್ಟು ಜಾರಿದರೂ ಅದು ಗೋಡೆಗುಂಟ ಇಳಿದು ಅನ್ನದ ಅಂಚಿಗೆ ಬಂದು ಸೇರುತ್ತದೆ. ಕೆಳಗಿನದು ಸೋರಿದರೆ ಬ್ಯಾಗು ಮಾತ್ರ ಹಾಳು.

ಬಾಯಿ ಸೋರುವುದು ಒಂದು ತೊಂದರೆಯಾದರೆ ಬಾಯಿ ಬಿಡದಿರುವುದು ಇನ್ನೊಂದು. ಬಿಗಿ ಮುಚ್ಚಳದ ಒಂಟಿ ಡಬ್ಬಿಗಳಲ್ಲಿ ಇದು ಹೆಚ್ಚು. ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಯಾರಾದರೊಬ್ಬರು "ಅಣ್ಣ, ಸ್ವಲ್ಪ ಇದನ್ನ ತೆಗೆದುಕೊಡಿ" ಎಂದು ಡಬ್ಬಿ ಹಿಡಿದುಕೊಂಡು ಬರದ ದಿನ ಕಡಿಮೆ. ಹೊಗೆಯಾಡುವ ಅನ್ನ ಹಾಕಿ ತಕ್ಷಣ ಮುಚ್ಚಿದರೆ ಒಳಗಿನ ಜಾಗವನ್ನೆಲ್ಲ ಹಬೆ ತುಂಬಿಕೊಳ್ಳುತ್ತದೆ, ಅಲ್ಲಿದ್ದ ಗಾಳಿ ಸಂದಿಯಿಂದ ಹೊರಗೆ ಹೋಗಿರುತ್ತದೆ. ಆರುತ್ತ ಬಂದಂತೆ ಹಬೆ ನೀರಾಗಿ ಒಳಗೆ ಒತ್ತಡ ಕುಸಿಯುತ್ತದೆ, ಹೊರಗಿನ ಗಾಳಿ ಮುಚ್ಚಳವನ್ನು ಅದುಮಿ ಹಿಡಿಯುತ್ತದೆ. 12 ಸೆಂಟಿಮೀಟರ್ ಅಗಲದ ಮುಚ್ಚಳದ ವಿಸ್ತಾರ 113 ಚದರ ಸೆಂಟಿಮೀಟರ್. ಒಂದು ಚದರ ಸೆಂಟಿಮೀಟರಿನ ಮೇಲೆ ಗಾಳಿಯ ಭಾರ ಸುಮಾರು ಒಂದು ಕೆಜಿ. ಒಳಗಿನ ಒತ್ತಡ ನೂರಕ್ಕೆ ಹತ್ತರಷ್ಟು ಇಳಿದರೂ ಮುಚ್ಚಳದ ಮೇಲೆ ಹನ್ನೊಂದು ಕೆಜಿಯ ಭಾರ ಹೇರಿದಂತಾಯಿತು. ಅಂಥದ್ದನ್ನು ಬೆರಳ ತುದಿಯಲ್ಲಿ ಎತ್ತಲು ಹೊರಟರೆ ಉಗುರು ಕೀಳುವುದೊಂದೇ ಫಲ. ಚಮಚದ ಹಿಡಿಯನ್ನು ಅಂಚಿನ ಒಂದು ಕಡೆ ತೂರಿಸಿ ಮೆಲ್ಲಗೆ ಮೀಟಿ. ಫುಸ್ ಎಂದು ಗಾಳಿ ಒಳಗೆ ಹೋದ ಮೇಲೆ ಮುಚ್ಚಳ ತಾನಾಗಿ ಎದ್ದು ಬರುತ್ತದೆ. ಬಿಸಿನೀರು ಸಿಗುವಂತಿದ್ದರೆ ಮುಚ್ಚಳದ ಮೇಲೆ ಒಂದಿಷ್ಟು ಸುರಿದರೂ ಆಗುತ್ತದೆ. ಇಷ್ಟೂ ಬೇಡವೆಂದರೆ ಬೆಳಿಗ್ಗೆ ಅನ್ನ ಹಾಕಿ ಹತ್ತು ನಿಮಿಷ ಬಾಯಿ ತೆರೆದಿಡಬೇಕು. ಮುಚ್ಚಳದ ಒಳಮೈಯಿಂದ ನೀರು ತೊಟ್ಟಿಕ್ಕಿ ಚಿತ್ರಾನ್ನ ಮುದ್ದೆಯಾಗುವುದೂ ಇದರಿಂದ ತಪ್ಪುತ್ತದೆ.

ಬಿಸಿ ಕಾಯುವ ವಿಷಯದಲ್ಲಿ ಈ ಕ್ಯಾರಿಯರಿಗೆ ಅಂಕ ಕೊಡುವ ಹಾಗಿಲ್ಲ. ಒಂದೇ ಪದರದ ತೆಳುಗೋಡೆ, ಎಂಟಕ್ಕೆ ತುಂಬಿದ ಅನ್ನ ಹನ್ನೊಂದಕ್ಕೆಲ್ಲ ತಣ್ಣಗೆ.

ಹೊಸ ಡಬ್ಬಿಗಳು ಸೋರದಿರಲೆಂದು ಮುಚ್ಚಳದೊಳಗೆ ಸಿಲಿಕೋನ್ ರಿಂಗ್ ಇಟ್ಟು ಬರುತ್ತವೆ. ಅಂಥದ್ದೊಂದನ್ನೂ ಒಂದು ವರ್ಷ ಬಳಸಿದೆ. ಸಾರು ಹಾಕಿ ತಲೆಕೆಳಗು ಮಾಡಿದರೂ ಒಂದು ತೊಟ್ಟು ಹೊರಗೆ ಬರಲಿಲ್ಲ, ಆ ಮಟ್ಟಿಗೆ ಅದು ಮೇಲು. ಆದರೆ ನಾಲ್ಕನೇ ತಿಂಗಳಿಗೆ ಮುಚ್ಚಳ ತೆಗೆದೊಡನೆ ಮೊಸರನ್ನಕ್ಕೂ ಈರುಳ್ಳಿ ಹುಳಿಯ ವಾಸನೆ ಬರತೊಡಗಿತು. ಸೂಜಿಯಿಂದ ರಿಂಗನ್ನು ಎಬ್ಬಿಸಿ ನೋಡಿದರೆ ಕೆಳಗಿನ ಗಾಡಿಯಲ್ಲಿ ಕಪ್ಪು ಬೂಷ್ಟು. ಸ್ಟೀಲಿಗೆ ವಾಸನೆ ಹತ್ತುವುದಿಲ್ಲ, ಸಿಲಿಕೋನ್ ಎಣ್ಣೆ ಮಸಾಲೆಯ ವಾಸನೆಯನ್ನು ಹೀರಿ ಇಟ್ಟುಕೊಳ್ಳುತ್ತದೆ. ರಿಂಗನ್ನು ವಾರಕ್ಕೊಮ್ಮೆಯಾದರೂ ಹೊರತೆಗೆದು ತೊಳೆದು, ಪೂರ್ತಿ ಒಣಗಿದ ಮೇಲೆ ಕೂರಿಸುವ ತಾಳ್ಮೆ ಇದ್ದವರಿಗೆ ಮಾತ್ರ ಆ ಡಬ್ಬಿ ಹೇಳಿಸಿದ್ದು. ಕೊಳ್ಳುವಾಗಲೇ ಬಿಡಿ ರಿಂಗ್ ಸಿಗುತ್ತದೆಯೇ ಎಂದು ಕೇಳಬೇಕು. ರಿಂಗ್ ಹೋದರೆ ಆ ಡಬ್ಬಿ ನನ್ನ ಹಳೆಯದಕ್ಕಿಂತ ಹೆಚ್ಚು ಸೋರುತ್ತದೆ.

ಉಪ್ಪಿನಕಾಯಿಯದು ಬೇರೆಯೇ ಕಥೆ. ಸ್ಟೀಲ್ ತುಕ್ಕು ಹಿಡಿಯದಿರುವುದು ಮೈಮೇಲೆ ತಾನಾಗಿ ಕಟ್ಟಿಕೊಳ್ಳುವ ಒಂದು ಪೊರೆಯಿಂದ. ಕ್ರೋಮಿಯಂ ಗಾಳಿಯೊಡನೆ ಸೇರಿ ಆಗುವ ಈ ಪೊರೆ ಕಣ್ಣಿಗೆ ಕಾಣದಷ್ಟು ತೆಳು. ಗೀರು ಬಿದ್ದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಅದಕ್ಕಿರುವ ಶತ್ರು ಉಪ್ಪು. ಒದ್ದೆ ಉಪ್ಪು ಒಂದೇ ಜಾಗದಲ್ಲಿ ಬಹಳ ಹೊತ್ತು ಕೂತರೆ ಪೊರೆ ಅಲ್ಲಿ ಒಡೆದು, ಸೂಜಿಮೊನೆಯಷ್ಟು ಗುಳಿ ಬೀಳುತ್ತದೆ. ಬಿದ್ದ ಗುಳಿಯೊಳಗೆ ಉಪ್ಪು ಹುಳಿ ಸೇರಿಕೊಂಡು ಅದು ಆಳಕ್ಕೆ ಹೋಗುತ್ತದೆ. ನನ್ನ ಮೇಲಿನ ಡಬ್ಬಿಯ ಒಂದು ಮೂಲೆಯಲ್ಲಿ ಅಂಥ ಎರಡು ಕಪ್ಪು ಚುಕ್ಕೆಗಳಿವೆ, ನಾಲ್ಕೈದು ವರ್ಷ ನಿಂಬೆಕಾಯಿ ಉಪ್ಪಿನಕಾಯಿಯನ್ನು ಅದೇ ಮೂಲೆಗೆ ಒತ್ತಿ ಇಡುತ್ತಿದ್ದುದರ ಗುರುತು. ಶನಿವಾರ ಡಬ್ಬಿ ತೊಳೆಯುವುದು ಮರೆತು ಸೋಮವಾರ ತೆರೆದದ್ದೂ ಉಂಟು. ಉಜ್ಜಿದರೆ ಹೋಗುವುದು ಕಲೆ. ಉಜ್ಜಿದರೂ ಹೋಗದೆ ಉಗುರಿಗೆ ತಡೆಯುವುದು ಗುಳಿ. ಈಗ ಉಪ್ಪಿನಕಾಯಿಯನ್ನು ಬಾಳೆಲೆಯ ತುಂಡಿನಲ್ಲಿ ಸುತ್ತಿ ಇಡುತ್ತೇನೆ, ಚುಕ್ಕೆಗಳು ಎರಡಕ್ಕೇ ನಿಂತಿವೆ.

ಕಳೆದ ತಿಂಗಳು ಮಗಳು ಹಾಸ್ಟೆಲಿಗೆ ಹೊರಟಳು. ಅವಳಿಗೊಂದು ಡಬ್ಬಿ ಬೇಕಾಗಿ ಪಾತ್ರೆ ಅಂಗಡಿಗೆ ಹೋದೆವು. ಅಂಗಡಿಯವರು ಒಂದನ್ನು ಬಟ್ಟೆಯಲ್ಲಿ ಒರೆಸಿ ಹೊಳಪು ತೋರಿಸಿದರು. ನಾನು ಮುಚ್ಚಳ ತೆಗೆದು, ಡಬ್ಬಿಯನ್ನು ಗಾಜಿನ ಕೌಂಟರಿನ ಮೇಲೆ ಬೋರಲು ಹಾಕಿ ಎರಡು ಬೆರಳಿನಿಂದ ಒತ್ತಿದೆ. ಟಕ್ ಟಕ್ ಎಂದು ಓಲಾಡಿತು. ಅಂಚು ಸಮ ಇರಲಿಲ್ಲ. ಎರಡನೆಯದು ಓಲಾಡಲಿಲ್ಲ. ಮುಚ್ಚಳ ಹಾಕಿ ತೆಗೆದೆ, ಕಾಲು ಸುತ್ತು ತಿರುಗಿಸಿ ಮತ್ತೆ ಹಾಕಿದೆ. ಮೊದಲ ಸಲ ಸಲೀಸಾಗಿ ಕೂತದ್ದು ಈ ಸಲ ಬಿಗಿಯಿತು. ಬಾಯಿ ದುಂಡಗಿಲ್ಲ, ಮೊಟ್ಟೆಯಾಕಾರಕ್ಕೆ ಹೋಗಿದೆ ಎಂದರ್ಥ.

"ಏನಮ್ಮ, ಚಿನ್ನ ಪರೀಕ್ಷೆ ಮಾಡಿದ ಹಾಗೆ ಮಾಡ್ತೀರ" ಎನ್ನುತ್ತಲೇ ಅವರು ಒಳಗಿಂದ ಇನ್ನೂ ನಾಲ್ಕು ತಂದಿಟ್ಟರು. ಅವುಗಳಲ್ಲಿ ಮೂರನೆಯದರ ಮುಚ್ಚಳ ಯಾವ ಕಡೆ ತಿರುಗಿಸಿ ಹಾಕಿದರೂ ಒಂದೇ ಸದ್ದು ಮಾಡಿ ಕೂತಿತು. ಮಗಳ ಕೈಗೆ ಕೊಟ್ಟೆ, ಅವಳೂ ನಾಲ್ಕು ಸಲ ತಿರುಗಿಸಿ ಹಾಕಿ ನೋಡಿದಳು. ಅಂಗಡಿಯವರು ಹೆಸರು ಹಾಕುವ ಮಷಿನ್ನಿನ ಸ್ವಿಚ್ಚು ಒತ್ತಿ, ಯಾವ ಹೆಸರು ಹಾಕಲಿ ಎಂದು ಕೇಳಿದರು.