ಹನ್ನೆರಡು ಮೈಲಿಯಾಚೆ ಏನೆಲ್ಲ ಚೆಲ್ಲಬಹುದು?

ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಅಡುಗೆ ಅನಿಲ ಇಳಿಸಿದ ಹಡಗೊಂದು ಖಾಲಿಯಾಗಿ ಪರ್ಷಿಯನ್ ಕೊಲ್ಲಿಯತ್ತ ಹೊರಟಿದೆ ಎಂದುಕೊಳ್ಳೋಣ. ಒಳಗೆ ಇಪ್ಪತ್ತೆರಡು ಜನ. ಅವರು ದಿನಕ್ಕೆ ಮೂರು ಹೊತ್ತು ಉಣ್ಣುತ್ತಾರೆ, ಶೌಚಕ್ಕೆ ಹೋಗುತ್ತಾರೆ, ಬಿಸ್ಕತ್ತಿನ ಪೊಟ್ಟಣ ಹರಿಯುತ್ತಾರೆ, ಹಪ್ಪಳ ಕರಿಯುತ್ತಾರೆ. ಇದರಲ್ಲಿ ಯಾವುದನ್ನು ಸಮುದ್ರಕ್ಕೆ ಬಿಡಬಹುದು, ಯಾವುದನ್ನು ಬಿಡಬಾರದು ಎಂದು ಹೇಳುವ ಒಪ್ಪಂದದ ಹೆಸರು ಮಾರ್ಪೋಲ್. ಅದರ ನಾಲ್ಕನೇ ಅನುಬಂಧ ಶೌಚದ ಕೊಳಚೆಯನ್ನು ಕುರಿತದ್ದು, ಐದನೆಯದು ಕಸವನ್ನು ಕುರಿತದ್ದು. ಭಾರತವೂ ಇದಕ್ಕೆ ಒಪ್ಪಿದ ದೇಶ.

ಈ ನಿಯಮಗಳ ಬಗ್ಗೆ ಸಾಮಾನ್ಯವಾಗಿ ಇರುವ ಕಲ್ಪನೆ, ದಡದಿಂದ ಸಾಕಷ್ಟು ದೂರ ಹೋದರೆ ಎಲ್ಲವನ್ನೂ ಎಸೆಯಬಹುದು ಎಂಬುದು. ಅದು ಸರಿಯಲ್ಲ. ದೂರ ಒಂದು ಷರತ್ತು ಮಾತ್ರ. ವಸ್ತು ಯಾವುದು, ಅದನ್ನು ಪುಡಿ ಮಾಡಿದೆಯೇ, ಹಡಗು ಚಲಿಸುತ್ತಿದೆಯೇ, ಯಾವ ಸಮುದ್ರದಲ್ಲಿದೆ, ಇವೆಲ್ಲ ಕೂಡಿ ಬಂದಾಗಷ್ಟೇ ಅನುಮತಿ.

ಮೊದಲು ಶೌಚದ ವಿಷಯ. ನಮ್ಮ ಹಡಗು ಬಂದರಿನ ಹೊರಗೆ ಲಂಗರು ಹಾಕಿ ಕಾಯುತ್ತಿರುವಾಗ ಕಚ್ಚಾ ಕೊಳಚೆಯನ್ನು ಹೊರಗೆ ಬಿಡುವಂತಿಲ್ಲ, ಟ್ಯಾಂಕಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ದಡದಿಂದ 3 ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್ ದಾಟಿದ ಮೇಲೆ, ಮಾನ್ಯತೆ ಪಡೆದ ಯಂತ್ರದಲ್ಲಿ ನುಣ್ಣಗೆ ಅರೆದು ರೋಗಾಣು ಕೊಂದ ಕೊಳಚೆಯನ್ನು ಬಿಡಬಹುದು. ಅರೆಯದ, ರೋಗಾಣು ಕೊಲ್ಲದ ಕೊಳಚೆಯಾದರೆ 12 ನಾಟಿಕಲ್ ಮೈಲಿ, ಅಂದರೆ 22 ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ತೆರೆದ ಸಮುದ್ರದಲ್ಲಿರುವ ಬ್ಯಾಕ್ಟೀರಿಯಾಗಳು ಈ ಕೊಳಚೆಯನ್ನು ಜೀರ್ಣಿಸಿಕೊಳ್ಳಬಲ್ಲವು ಎಂಬುದು ನಿಯಮದ ಹಿಂದಿನ ತರ್ಕ. ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ ಅದೇ ಜೀರ್ಣಕ್ರಿಯೆ ನೀರಿನ ಆಮ್ಲಜನಕವನ್ನು ಹೀರಿ ಮೀನು, ಚಿಪ್ಪಿಗಳ ಉಸಿರು ಕಟ್ಟಿಸುತ್ತದೆ. ಈಜುವವರಿಗೆ ರೋಗ ತಗಲುವ ಅಪಾಯ ಬೇರೆ.

12 ಮೈಲಿ ದಾಟಿದ ತಕ್ಷಣ ಕವಾಟ ತೆರೆದು ಟ್ಯಾಂಕನ್ನು ಒಮ್ಮೆಲೇ ಬರಿದು ಮಾಡುವಂತೆಯೂ ಇಲ್ಲ. ಹಡಗು ಕನಿಷ್ಠ 4 ನಾಟ್ ವೇಗದಲ್ಲಿ ಸಾಗುತ್ತಿರಬೇಕು, ಕೊಳಚೆ ನಿಧಾನವಾಗಿ ಹೊರಬೀಳಬೇಕು. ಎಷ್ಟು ನಿಧಾನ ಎಂಬುದಕ್ಕೆ ಅಂತಾರಾಷ್ಟ್ರೀಯ ಕಡಲ ಸಂಸ್ಥೆ ಒಂದು ಚೆಂದದ ಲೆಕ್ಕ ಕೊಟ್ಟಿದೆ. ಹಡಗು ಮುಂದೆ ಹೋಗುತ್ತ ತನ್ನ ಒಡಲಿನಷ್ಟು ಅಗಲ ಮತ್ತು ಆಳದ ನೀರನ್ನು ಸರಿಸುತ್ತದೆಯಲ್ಲ, ಆ ನೀರಿನ ಎರಡು ಲಕ್ಷದಲ್ಲಿ ಒಂದು ಪಾಲು ಮಾತ್ರ ಕೊಳಚೆ ಇರಬಹುದು.

ನಮ್ಮ ಹಡಗಿಗೆ ಇದನ್ನು ಹಾಕಿ ನೋಡೋಣ. ಅಗಲ 32 ಮೀಟರ್, ಖಾಲಿ ಇರುವುದರಿಂದ ನೀರಿನಲ್ಲಿ ಮುಳುಗಿರುವ ಆಳ 8 ಮೀಟರ್, ವೇಗ 12 ನಾಟ್ ಇರಲಿ. ಒಂದು ಗಂಟೆಯಲ್ಲಿ ಅದು 22,224 ಮೀಟರ್ ಸಾಗುತ್ತದೆ. ಮೂರನ್ನೂ ಗುಣಿಸಿದರೆ ಸುಮಾರು 57 ಲಕ್ಷ ಘನ ಮೀಟರ್ ನೀರು. ಎರಡು ಲಕ್ಷದಿಂದ ಭಾಗಿಸಿ: ಗಂಟೆಗೆ 28 ಘನ ಮೀಟರಿಗಿಂತ ತುಸು ಹೆಚ್ಚು. ಆಧುನಿಕ ಹಡಗುಗಳ ನಿರ್ವಾತ ಶೌಚಾಲಯ ಒಮ್ಮೆಗೆ ಸುಮಾರು ಒಂದು ಲೀಟರ್ ನೀರಷ್ಟೇ ಬಳಸುತ್ತದೆ. ಎಲ್ಲ ಸೇರಿ ತಲೆಗೆ ದಿನಕ್ಕೆ 25 ಲೀಟರ್ ಎಂದು ಹಿಡಿದರೂ ಇಪ್ಪತ್ತೆರಡು ಜನರಿಂದ 550 ಲೀಟರ್. 10 ಘನ ಮೀಟರಿನ ಟ್ಯಾಂಕು ತುಂಬಲು ಹದಿನೆಂಟು ದಿನ ಬೇಕು, ಖಾಲಿ ಮಾಡಲು ಇಪ್ಪತ್ತೊಂದು ನಿಮಿಷ ಸಾಕು. ಅದೇ ಹಡಗು 4 ನಾಟ್‌ನಲ್ಲಿ ತೆವಳುತ್ತಿದ್ದರೆ ಒಂದು ಗಂಟೆಯ ಮೇಲೆ ಹಿಡಿಯುತ್ತದೆ. ಸರಕು ಹಡಗಿಗೆ ಈ ಮಿತಿ ಕಷ್ಟವೇನಲ್ಲ. ಸಾವಿರಾರು ಜನರನ್ನು ಹೊತ್ತ ಪ್ರವಾಸಿ ಹಡಗಿಗೆ ಇದೇ ಲೆಕ್ಕ ಬಿಗಿಯಾಗುತ್ತದೆ. ಪ್ರಯಾಣಿಕ ಹಡಗುಗಳ ಕೊಳಚೆಗೆ ಬಾಲ್ಟಿಕ್ ಸಮುದ್ರದಲ್ಲಿ ಇನ್ನೂ ಕಠಿಣವಾದ ಪ್ರತ್ಯೇಕ ನಿಯಮ ಬಂದಿರುವುದು ಸುಮ್ಮನೆ ಅಲ್ಲ.

ಮೂರನೆಯ ದಾರಿಯೂ ಇದೆ: ಹಡಗಿನೊಳಗೇ ಪೂರ್ಣ ಶುದ್ಧೀಕರಣ ಘಟಕ. ಮಾನ್ಯತೆ ಪಡೆದ ಘಟಕ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಮಾರ್ಪೋಲ್ ಪ್ರಕಾರ ದೂರದ ಮಿತಿಯೇ ಇಲ್ಲ. ಹೊರಬಂದ ನೀರಿನಿಂದ ಸಮುದ್ರದಲ್ಲಿ ತೇಲುವ ಕಣ ಕಾಣಬಾರದು, ಬಣ್ಣ ಕೆಡಬಾರದು, ಅಷ್ಟೆ. ಬಂದರು ತನ್ನದೇ ನಿಷೇಧ ಹಾಕಿದ್ದರೆ ಆ ಮಾತು ಬೇರೆ. ಘಟಕದ ಮೊದಲ ಕೋಣೆಯಲ್ಲಿ ಬ್ಲೋವರ್ ಗಾಳಿ ಊದುತ್ತದೆ, ಗಾಳಿ ಸಿಕ್ಕ ಬ್ಯಾಕ್ಟೀರಿಯಾಗಳು ಕೊಳಚೆಯನ್ನು ತಿನ್ನುತ್ತವೆ. ಎರಡನೆಯದರಲ್ಲಿ ಕೆಸರು ತಳ ಸೇರುತ್ತದೆ, ಮೂರನೆಯದರಲ್ಲಿ ಕ್ಲೋರಿನ್ ಅಥವಾ ಅತಿನೇರಳೆ ಬೆಳಕು ಉಳಿದ ರೋಗಾಣುಗಳನ್ನು ಕೊಲ್ಲುತ್ತದೆ. ಎಡವಟ್ಟಾಗುವುದು ಹೆಚ್ಚಾಗಿ ಮೊದಲ ಕೋಣೆಯಲ್ಲಿ. ಶೌಚಾಲಯ ಫಳಫಳ ಹೊಳೆಯಲಿ ಎಂದು ಯಾರೋ ಆಸಿಡ್ ಅಥವಾ ಬ್ಲೀಚ್ ಧಾರಾಳವಾಗಿ ಸುರಿದರೆ ಆ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ಬ್ಲೋವರ್ ನಿಂತರೂ ಅದೇ ಗತಿ. ಗೊತ್ತಾಗುವುದು ಹೇಗೆ? ಆರೋಗ್ಯವಾಗಿರುವ ಘಟಕದ ಕೆಸರು ಕಂದು ಬಣ್ಣದ್ದು, ವಾಸನೆ ಒದ್ದೆ ಮಣ್ಣಿನಂಥದ್ದು. ಕೆಸರು ಕಪ್ಪಗಾಗಿ ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತಿದೆ ಎಂದರ್ಥ. ಅದು ಮನುಷ್ಯರನ್ನೂ ಕೊಲ್ಲಬಲ್ಲ ಅನಿಲ.

ಇನ್ನು ಕಸ. ಇಲ್ಲಿ 2013ರ ಜನವರಿ 1ರಿಂದ ನಿಯಮದ ದಿಕ್ಕೇ ತಿರುಗಿತು. ಅದಕ್ಕೆ ಮುಂಚೆ ಕಾಗದ, ಬಟ್ಟೆ, ಗಾಜು, ಲೋಹದ ಡಬ್ಬಗಳನ್ನೆಲ್ಲ 12 ಮೈಲಿಯಾಚೆ ಎಸೆಯಬಹುದಿತ್ತು. ನಿಷೇಧಿಸಿದ್ದನ್ನು ಬಿಟ್ಟು ಮಿಕ್ಕದ್ದೆಲ್ಲ ಸರಿ ಎಂಬ ಧೋರಣೆ ಅದು. ಈಗ ಉಲ್ಟಾ: ಅನುಮತಿ ಕೊಟ್ಟ ಕೆಲವನ್ನು ಬಿಟ್ಟು ಎಲ್ಲವೂ ನಿಷಿದ್ಧ. ಹಡಗಿನ ಕುಲುಮೆಯಲ್ಲಿ ಸುಟ್ಟ ಕಸದ ಬೂದಿಯೂ ನಿಷಿದ್ಧ, ಹಪ್ಪಳ ಕರಿದ ಎಣ್ಣೆಯೂ ನಿಷಿದ್ಧ. ಪ್ಲಾಸ್ಟಿಕ್ಕಿಗಂತೂ ಮೊದಲಿನಿಂದಲೂ ಯಾವ ದೂರವೂ ಸಾಲದು. ನಡುಸಾಗರದಲ್ಲಿ, ಸಾವಿರ ಮೈಲಿ ಆಚೆ ಕೂಡ ಒಂದು ಪ್ಲಾಸ್ಟಿಕ್ ಚೀಲ ಎಸೆಯುವಂತಿಲ್ಲ.

ಅನುಮತಿ ಇರುವವುಗಳಲ್ಲಿ ದಿನನಿತ್ಯ ಲೆಕ್ಕಕ್ಕೆ ಬರುವುದು ಅಡುಗೆಮನೆಯ ತ್ಯಾಜ್ಯ. ಗ್ರೈಂಡರಿಗೆ ಹಾಕಿ 25 ಮಿಲಿಮೀಟರ್ ಕಂಡಿಯ ಜಾಲರಿಯಲ್ಲಿ ಇಳಿಯುವಷ್ಟು ಪುಡಿ ಮಾಡಿದರೆ 3 ಮೈಲಿಯಾಚೆ, ಹಾಗೇ ಇಡಿಯಾಗಿ ಎಸೆಯುವುದಾದರೆ 12 ಮೈಲಿಯಾಚೆ. ಎರಡಕ್ಕೂ ಹಡಗು ಚಲಿಸುತ್ತಿರಬೇಕು. ಪಣಂಬೂರಿನಿಂದ ಹೊರಟ ಒಂದೆರಡು ಗಂಟೆಯಲ್ಲೇ ನಮ್ಮ ಹಡಗು ಎರಡೂ ಗೆರೆ ದಾಟಿ, ಮುಂದೆ ಅರಬ್ಬಿ ಸಮುದ್ರದಲ್ಲಿ ದಿನಗಟ್ಟಲೆ ನಿರಾತಂಕವಾಗಿ ಸಾಗುತ್ತದೆ.

ನಂತರ ಒಮಾನಿನ ರಾಸ್ ಅಲ್ ಹದ್ದ್ ಭೂಶಿರ ಬರುತ್ತದೆ. ಅಲ್ಲಿಂದ ಇರಾನಿನ ಕರಾವಳಿಯ ಕಡೆಗೆ ನಕ್ಷೆಯಲ್ಲಿ ಒಂದು ಗೆರೆ ಎಳೆದಿದ್ದಾರೆ. ಅದರಾಚೆಗಿನ ಒಮಾನ್ ಕೊಲ್ಲಿ ಮತ್ತು ಪರ್ಷಿಯನ್ ಕೊಲ್ಲಿ ಎರಡೂ ಕಸದ ಮಟ್ಟಿಗೆ ‘ವಿಶೇಷ ಪ್ರದೇಶ’. 2008ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ಸುತ್ತ ನೆಲವಿರುವ, ನೀರು ಬೇಗ ಬದಲಾಗದ ಸಮುದ್ರಗಳಿಗೆ ಇಂಥ ರಕ್ಷಣೆ. ಮೆಡಿಟರೇನಿಯನ್, ಬಾಲ್ಟಿಕ್ ಕೂಡ ಈ ಪಟ್ಟಿಯಲ್ಲಿವೆ. ಗೆರೆ ದಾಟಿದ ಮೇಲೆ ಅಡುಗೆಮನೆಯ ತ್ಯಾಜ್ಯವನ್ನು ಇಡಿಯಾಗಿ ಎಸೆಯುವ ಮಾತೇ ಇಲ್ಲ, ಪುಡಿ ಮಾಡಿದ್ದನ್ನೂ 12 ಮೈಲಿಯಾಚೆಯೇ ಬಿಡಬೇಕು. ಆದರೆ ಶೌಚದ ನಿಯಮ ಇಲ್ಲಿ ಬದಲಾಗುವುದಿಲ್ಲ, ಹಿಂದಿನಂತೆಯೇ ಇರುತ್ತದೆ. ಒಂದೇ ನೀರಿನಲ್ಲಿ ಅನ್ನಕ್ಕೊಂದು ನ್ಯಾಯ, ಮಲಕ್ಕೊಂದು ನ್ಯಾಯ ಎಂದು ಹೊಸ ನಾವಿಕರು ನಗುವುದಾದರೆ ಅದರಲ್ಲಿ ಅವರ ತಪ್ಪಿಲ್ಲ.

ಮುಂದೆ ಹೋರ್ಮುಜ್ ಜಲಸಂಧಿ. ಅದರ ಅತಿ ಕಿರಿದಾದ ಜಾಗ ಸುಮಾರು 21 ಮೈಲಿ ಅಗಲ. ಸರಿಯಾಗಿ ನಡುವೆ ಸಾಗಿದರೂ ಯಾವ ದಡದಿಂದಲೂ 12 ಮೈಲಿ ದೂರ ಸಿಗುವುದಿಲ್ಲ. ಅಲ್ಲಿ ಅಡುಗೆಮನೆಯ ಬಕೆಟ್ಟು ಮುಚ್ಚಿಯೇ ಇರಬೇಕು, ಕಚ್ಚಾ ಕೊಳಚೆಯ ಕವಾಟಕ್ಕೆ ಬೀಗ ಬೀಳಬೇಕು.

ದೂರ ಅಳೆಯುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ನಿಯಮ ಹೇಳುವುದು ‘ಅತಿ ಹತ್ತಿರದ ನೆಲ’ದಿಂದ ಎಂದು. ಕರಾವಳಿಗುಂಟ ಮಂಗಳೂರಿನಿಂದ ಗೋವೆಗೆ ಹೋಗುವ ಹಡಗು ಮುರ್ಡೇಶ್ವರದಿಂದ 22 ಕಿಲೋಮೀಟರ್ ಪಶ್ಚಿಮಕ್ಕಿದ್ದೇನೆ, 12 ಮೈಲಿ ಆಯಿತು ಎಂದು ನಂಬಿದರೆ ಕೆಟ್ಟಿತು. ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ, ಲೆಕ್ಕ ಅಲ್ಲಿಂದ ಮತ್ತೆ ಶುರು. ಆಸ್ಟ್ರೇಲಿಯಾದ ಈಶಾನ್ಯದಲ್ಲಿ ಇನ್ನೂ ಮುಂದೆ ಹೋಗಿದ್ದಾರೆ: ಗ್ರೇಟ್ ಬ್ಯಾರಿಯರ್ ಹವಳದ ದಿಬ್ಬದ ಹೊರಗೆ ಎಳೆದ ಗೆರೆಯನ್ನೇ ‘ನೆಲ’ ಎಂದು ಎಣಿಸಬೇಕು.

ಇದನ್ನೆಲ್ಲ ನೋಡುವವರು ಯಾರು? ಹಡಗಿನಲ್ಲಿ ಕಸದ ದಾಖಲೆ ಪುಸ್ತಕವಿರುತ್ತದೆ. ಎಸೆದ ದಿನಾಂಕ, ಸಮಯ, ಅಕ್ಷಾಂಶ ರೇಖಾಂಶ, ಯಾವ ವರ್ಗದ ಕಸ, ಎಷ್ಟು ಘನ ಮೀಟರ್ ಎಂದು ಬರೆದು ಅಧಿಕಾರಿ ಸಹಿ ಹಾಕಬೇಕು. ಬಂದರಿನ ತಪಾಸಕರು ಆ ಸಮಯವನ್ನು ಹಡಗಿನ ಪಥದ ದಾಖಲೆಗೆ ತಾಳೆ ನೋಡುತ್ತಾರೆ. ತಿಂಗಳುಗಟ್ಟಲೆ ಸಾಗಿ ಬಂದ ಹಡಗಿನ ಬಳಿ ಯಾವ ಬಂದರಿನಲ್ಲೂ ಪ್ಲಾಸ್ಟಿಕ್ ಇಳಿಸಿದ ರಸೀದಿ ಇಲ್ಲ, ಒಳಗೂ ಪ್ಲಾಸ್ಟಿಕ್ ಇಲ್ಲ ಎಂದರೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ.

ನಿಯಮ ಮುರಿಯುವುದು ಹೆಚ್ಚಾಗಿ ದುರುದ್ದೇಶದಿಂದಲ್ಲ, ಬೆರಕೆಯಿಂದ. ಅನ್ನದ ಜೊತೆ ಉಪ್ಪಿನಕಾಯಿಯ ಸ್ಯಾಶೆ, ಹಣ್ಣಿನ ಮೇಲಿನ ಸ್ಟಿಕ್ಕರು ಗ್ರೈಂಡರಿಗೆ ಹೋಗುತ್ತವೆ. ಎರಡು ಬಗೆ ಬೆರೆತರೆ ಕಠಿಣವಾದ ನಿಯಮವೇ ಇಡೀ ರಾಶಿಗೆ ಅನ್ವಯ. ಅಂದರೆ ಒಂದು ಸ್ಯಾಶೆ ಬಿದ್ದ ಬಕೆಟ್ಟೇ ಪ್ಲಾಸ್ಟಿಕ್ ಆಯಿತು. ದೊಡ್ಡ ಕಂಪನಿಗಳೂ ಇಲ್ಲೇ ಎಡವಿವೆ. ಹಿಂದಿನ ತೈಲಮಾಲಿನ್ಯ ಪ್ರಕರಣದ ಶಿಕ್ಷೆಯಾಗಿ ನ್ಯಾಯಾಲಯದ ನಿಗಾದಲ್ಲಿದ್ದ ಅಮೆರಿಕದ ಕಾರ್ನಿವಲ್ ಕಂಪನಿ ಬಹಾಮಾಸ್ ಸಮುದ್ರದಲ್ಲಿ ಆಹಾರ ತ್ಯಾಜ್ಯದೊಂದಿಗೆ ಪ್ಲಾಸ್ಟಿಕ್ ಬಿಟ್ಟದ್ದೂ ಸೇರಿ ಹಲವು ಉಲ್ಲಂಘನೆಗಳನ್ನು 2019ರಲ್ಲಿ ಒಪ್ಪಿಕೊಂಡು 2 ಕೋಟಿ ಡಾಲರ್ ದಂಡ ತೆರಬೇಕಾಯಿತು.

ನಿಯಮದಲ್ಲಿ ತೂತುಗಳೂ ಇವೆ. ಸ್ನಾನದ, ಬಟ್ಟೆ ಒಗೆದ, ಪಾತ್ರೆ ತೊಳೆದ ನೀರು ನಾಲ್ಕನೇ ಅನುಬಂಧದ ‘ಕೊಳಚೆ’ಯೊಳಗೆ ಬರುವುದೇ ಇಲ್ಲ. ಆ ಅನುಬಂಧ ಸಣ್ಣ ದೋಣಿಗಳಿಗೂ ಇಲ್ಲ, 400 ಟನ್ನೇಜು ಮತ್ತು ಅದಕ್ಕಿಂತ ದೊಡ್ಡ ಅಥವಾ 15ಕ್ಕಿಂತ ಹೆಚ್ಚು ಜನ ಹೋಗುವ ಹಡಗುಗಳಿಗೆ ಮಾತ್ರ.

ಕಸದ ಅನುಬಂಧ ಹಾಗಲ್ಲ, ಅದು ಎಲ್ಲ ಗಾತ್ರದ ಹಡಗುಗಳಿಗೂ ಅನ್ವಯ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಏಳೆಂಟು ಜನರ ಟ್ರಾಲ್ ಬೋಟೂ ಅದರಲ್ಲಿ ಸೇರಿತು. ಹರಿದ ನೈಲಾನ್ ಬಲೆಯನ್ನು ಬೇಕೆಂದೇ ಕಡಲಿಗೆ ಬಿಸಾಡುವುದು ಎಷ್ಟೇ ದೂರದಲ್ಲಾದರೂ ಉಲ್ಲಂಘನೆ. 12 ಮೀಟರ್ ಅಥವಾ ಅದಕ್ಕಿಂತ ಉದ್ದದ ಪ್ರತಿ ಹಡಗಿನಲ್ಲೂ ಏನನ್ನು ಎಲ್ಲಿ ಬಿಡಬಹುದು ಎಂಬ ಫಲಕ ಇರಬೇಕು, ಅದು ಅಲ್ಲಿ ದುಡಿಯುವವರು ಕೆಲಸಕ್ಕೆ ಬಳಸುವ ಭಾಷೆಯಲ್ಲಿರಬೇಕು ಎಂದೂ ಈ ಅನುಬಂಧ ಹೇಳುತ್ತದೆ. ಮಲ್ಪೆ, ಗಂಗೊಳ್ಳಿ, ಕಾರವಾರದ ಬೋಟ್ ಮಾಲೀಕರು ನಾಲ್ಕು ಸಾಲಿನ ಕನ್ನಡ ಫಲಕವೊಂದನ್ನು ಚುಕ್ಕಾಣಿಯ ಪಕ್ಕದಲ್ಲಿ ಈ ಹಂಗಾಮಿಗೇ ಹಾಕಿಸಲಿ.