ಹೋದ ಬ್ಲಾಕಿನ ಎಲ್‌ಟಿಎ ಹಂಗ ಉಳಿದೈತಾ? ಒಂದು ಪ್ರವಾಸ ಇನ್ನೂ ಬಾಕಿ ಐತಿ

ಜನವರಿ ಬಂತಂದ್ರೆ ಆಫೀಸಿನಿಂದ ಒಂದು ಮೇಲ್ ಬರೋದು ಗ್ಯಾರಂಟಿ: ತೆರಿಗೆ ವಿನಾಯಿತಿಯ ದಾಖಲೆ ಅಪ್‌ಲೋಡ್ ಮಾಡಿ. ಬಾಡಿಗೆ ರಸೀದಿ, ವಿಮೆ, ಪಿಎಫ್ ಎಲ್ಲಾ ಹಾಕಿ ಮುಗಿಸೋ ಹೊತ್ತಿಗೆ ಕೊನೇ ಸಾಲು ಕಾಣಿಸ್ತದೆ, ಎಲ್‌ಟಿಎ. ಅಂದ್ರೆ ರಜೆ ಹಾಕಿ ಊರೂರು ತಿರುಗಿದ್ದಕ್ಕೆ ಕಂಪನಿ ಕೊಡೋ ಪ್ರಯಾಣ ಭತ್ಯೆ. ಬಹಳ ಜನ ಅದನ್ನ ಖಾಲಿ ಬಿಟ್ಟು ಮುಂದೆ ಹೋಗ್ತಾರೆ. ಈ ವರ್ಷ ಮಾತ್ರ ಆ ಸಾಲಿನ ಮೇಲೆ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ 2022ರಿಂದ 2025ರ ಬ್ಲಾಕ್ ಡಿಸೆಂಬರ್ 31ಕ್ಕೆ ಮುಗಿದು, 2026ರಿಂದ 2029ರ ಹೊಸ ಬ್ಲಾಕ್ ಶುರುವಾಗಿದೆ.

ನಾನು ಗದಗ-ಬೆಟಗೇರಿಯವನು, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಲಕ್ಷ್ಮೇಶ್ವರದ ನನ್ನ ಕಾಲೇಜು ದೋಸ್ತ ಹೋದ ವಾರ ಫೋನ್ ಮಾಡಿದ್ದ. “ನಾಲ್ಕು ವರ್ಷದಾಗ ಒಂದೂ ಕ್ಲೇಮ್ ಮಾಡಿಲ್ಲಪಾ. ಈ ವರ್ಷ ಎರಡೂ ಕೂಡಿಸಿ ತಗೋಬಹುದಲ್ಲ?” ಅವನ ಲೆಕ್ಕವನ್ನೇ ಇಲ್ಲಿ ಬಿಡಿಸಿ ಇಡ್ತೀನಿ. ನಿಮ್ಮದೂ ಹೆಚ್ಚುಕಡಿಮೆ ಹಿಂಗೇ ಇರಬಹುದು.

ಎರಡರಲ್ಲಿ ಒಂದು ಮಾತ್ರ

ನಾಲ್ಕು ಕ್ಯಾಲೆಂಡರ್ ವರ್ಷಗಳ ಒಂದು ಬ್ಲಾಕಿನಲ್ಲಿ ಎರಡು ಪ್ರವಾಸಕ್ಕೆ ವಿನಾಯಿತಿ ಸಿಗ್ತದೆ. ಎರಡನ್ನೂ ಬಳಸದಿದ್ದರೆ, ಅಥವಾ ಒಂದನ್ನೇ ಬಳಸಿದ್ದರೆ, ಮುಂದಿನ ಬ್ಲಾಕಿಗೆ ದಾಟೋದು ಒಂದೇ ಪ್ರವಾಸ. ಅದನ್ನೂ ಹೊಸ ಬ್ಲಾಕಿನ ಮೊದಲ ವರ್ಷದಲ್ಲೇ ಮಾಡಿ ಮುಗಿಸಬೇಕು. ಹಾಗಾಗಿ ದೋಸ್ತನ ಎರಡರಲ್ಲಿ ಒಂದು ಹೋಯ್ತು. ಇನ್ನೊಂದಕ್ಕೆ 2026ರ ಡಿಸೆಂಬರ್ 31ರವರೆಗೆ ಜೀವ ಇದೆ.

ಹೀಗೆ ದಾಟಿ ಬಂದ ಪ್ರವಾಸ ಹೊಸ ಬ್ಲಾಕಿನ ಎರಡರ ಲೆಕ್ಕಕ್ಕೆ ಸೇರೋದಿಲ್ಲ. ಈ ವರ್ಷ ಅದನ್ನ ಬಳಸಿಕೊಂಡರೆ, 2029ರ ಒಳಗೆ ಇನ್ನೂ ಎರಡು ಪೂರ್ತಿ ಉಳೀತಾವೆ. ಹೋದ ಬ್ಲಾಕಿನಲ್ಲಿ ನಾನು 2023ರಲ್ಲಿ ಒಂದು, 2024ರಲ್ಲಿ ಒಂದು ಬಳಸಿದ್ದೆ. ಹಾಗಾಗಿ ನನಗೆ ದಾಟಿಸೋಕೆ ಏನೂ ಇಲ್ಲ, ಹೊಸ ಎರಡು ಮಾತ್ರ.

ಹಿಂದೆ ಕ್ಲೇಮ್ ಮಾಡಿದ್ದು ನೆನಪಿಲ್ಲ ಅಂದ್ರೆ ಹಳೇ ಫಾರ್ಮ್ 16 ತೆಗೆದು ನೋಡಿ. ಭಾಗ ಬಿ ಒಳಗೆ ಕಲಂ 10(5)ರ ಸಾಲಿನಲ್ಲಿ ಮೊತ್ತ ಇದ್ದರೆ ಆ ವರ್ಷ ವಿನಾಯಿತಿ ತಗೊಂಡಿದ್ದೀರಿ, ಸೊನ್ನೆ ಇದ್ದರೆ ಇಲ್ಲ. ನಡುವೆ ಕಂಪನಿ ಬದಲಾಯಿಸಿದವರು ಹಳೇ ಕಂಪನಿಯದ್ದನ್ನೂ ನೋಡಲೇಬೇಕು, ಅಲ್ಲಿ ನೀವು ಬಳಸಿದ್ದು ಹೊಸ ಪೇರೋಲ್‌ಗೆ ತಾನಾಗಿ ಗೊತ್ತಾಗೋದಿಲ್ಲ. ಫಾರ್ಮ್ 16 ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಬ್ಲಾಕ್ ಜನವರಿಯಿಂದ ಡಿಸೆಂಬರ್‌ನದು. ಹೀಗಾಗಿ ಟಿಕೆಟ್ಟಿನ ಮೇಲಿನ ತಾರೀಖು ನೋಡಿ ಲೆಕ್ಕ ಹಾಕಿ.

ದಾಟೋದು ಪ್ರವಾಸ, ದುಡ್ಡು ದಾಟೋದಿಲ್ಲ

ದೋಸ್ತನ ಸಂಬಳದಲ್ಲಿ ಎಲ್‌ಟಿಎ ವರ್ಷಕ್ಕೆ 40,000 ರೂಪಾಯಿ. “ಹಂಗಾರ ನಾಲ್ಕು ವರ್ಷದ್ದು 1,60,000 ಆತಲ್ಲ?” ಅಂದ. ಆಗೋದಿಲ್ಲ. ಕ್ಲೇಮ್ ಮಾಡದ ಪ್ರತಿ ವರ್ಷ ಅವನ ಕಂಪನಿ ಆ 40,000ವನ್ನ ತೆರಿಗೆ ಹಿಡಿದು ಸಂಬಳದ ಜೊತೆಗೇ ಕೊಟ್ಟಾಗಿದೆ. ಆ ದುಡ್ಡಿನ ತೆರಿಗೆ ಈಗ ವಾಪಸ್ ಬರೋದಿಲ್ಲ. ಈ ಪ್ರವಾಸಕ್ಕೆ ಕಂಪನಿ ಕೊಡೋ ಎಲ್‌ಟಿಎ ಎಷ್ಟೋ, ವಿನಾಯಿತಿಯ ಮಿತಿಯೂ ಅಷ್ಟೇ. ಕೆಲವು ಕಂಪನಿಗಳು ಕ್ಲೇಮ್ ಆಗದ ಮೊತ್ತವನ್ನ ಕೊಡದೆ ಕೂಡಿಸಿ ಇಡ್ತಾವೆ. ಅಂಥಲ್ಲಿ ಇದ್ದರೆ ನಿಮ್ಮ ಮಿತಿ ದೊಡ್ಡದಿರಬಹುದು, ಪೇರೋಲ್‌ನವರನ್ನ ಕೇಳಿ.

ಯಾವ ಪ್ರವಾಸಕ್ಕೆ ಬಳಸೋದು?

ಎಲ್‌ಟಿಎ ಅಂದ್ರೆ ಕಾಶ್ಮೀರ, ಗೋವಾ ಅಂತ ಕಾನೂನಿನಲ್ಲಿಲ್ಲ. ರಜೆ ಹಾಕಿ ಭಾರತದೊಳಗೆ ಎಲ್ಲಿಗೆ ಹೋದರೂ ನಡೀತದೆ. ಶಿರಹಟ್ಟಿ ಫಕೀರೇಶ್ವರ ಜಾತ್ರೆಗೆ ಊರಿಗೆ ಬಂದರೂ ಸೈ. ಆದರೆ ವಿನಾಯಿತಿ ಪ್ರಯಾಣದ ಟಿಕೆಟ್ಟಿಗೆ ಮಾತ್ರ. ಹೋಟೆಲು, ಊಟ, ಅಲ್ಲಿ ತಿರುಗಾಡಿದ ಆಟೋ, ಯಾವುದೂ ಸೇರೋದಿಲ್ಲ.

ಟಿಕೆಟ್ಟಿಗೂ ಮಿತಿ ಇದೆ. ವಿಮಾನವಾದರೆ ಇಕಾನಮಿ ದರ. ರೈಲು ಇರೋ ಊರಿಗೆ ರೈಲಿನಲ್ಲಾಗಲಿ ಬಾಡಿಗೆ ಕಾರಿನಲ್ಲಾಗಲಿ ಹೋದರೆ, ಹತ್ತಿರದ ದಾರಿಯ ಎಸಿ ಫಸ್ಟ್ ಕ್ಲಾಸ್ ರೈಲು ದರದವರೆಗೆ. ಗದಗ ಈ ಸಾಲಿಗೆ ಬರ್ತದೆ. ಮುಂಡರಗಿ, ಶಿರಹಟ್ಟಿಯಂಥ ರೈಲಿಲ್ಲದ ಊರುಗಳಿಗೆ ಸರ್ಕಾರಿ ಬಸ್ಸಿನಂಥ ಮಾನ್ಯತೆ ಪಡೆದ ಸಾರಿಗೆ ಇರೋದರಿಂದ, ಅದರ ಮೇಲ್ದರ್ಜೆಯ ದರವೇ ಮಿತಿ.

ಈಗ ದೋಸ್ತನ ಎರಡು ಆಯ್ಕೆ ನೋಡಿ. ಅವನು, ಹೆಂಡತಿ, ಮೂರು ವರ್ಷದ ಮಗಳು ಊರಿಗೆ ಹೋಗಿಬರೋಕೆ ಟಿಕೆಟ್ ಖರ್ಚು 4,500 ಅಂತಿಟ್ಟುಕೊಳ್ಳಿ. ಅವನು ಶೇ. 20ರ ಹಂತದಲ್ಲಿದ್ದಾನೆ, ಸೆಸ್ ಸೇರಿ 20.8. ಉಳಿಯೋ ತೆರಿಗೆ 936 ರೂಪಾಯಿ.

ಇನ್ನೊಂದು ಅವನ ಅವ್ವನ ಬಹುದಿನದ ಆಸೆ, ಕಾಶಿ. ಅಪ್ಪಗೆ ಮೊಣಕಾಲು ನೋವು, ಎರಡು ರಾತ್ರಿ ರೈಲಿನಲ್ಲಿ ಕೂಡೋದು ಆಗದು. ವಿಮಾನ ದುಬಾರಿ ಅಂತ ಮುಂದೂಡುತ್ತಲೇ ಬಂದಿದ್ದರು. ಅಪ್ಪ-ಅವ್ವ ಜೀವನಕ್ಕೆ ಮುಖ್ಯವಾಗಿ ಮಗನನ್ನೇ ನಂಬಿರೋದರಿಂದ ಅವರ ಟಿಕೆಟ್ಟೂ ಲೆಕ್ಕಕ್ಕೆ ಬರ್ತದೆ. ಸ್ವಂತ ಪಿಂಚಣಿಯಲ್ಲೇ ಬದುಕೋ ತಂದೆತಾಯಿಯಾಗಿದ್ದರೆ ಬರ್ತಿರಲಿಲ್ಲ. ಬೆಂಗಳೂರಿಂದ ವಾರಾಣಸಿಗೆ ಹೋಗಿಬರೋಕೆ ತಲೆಗೆ 12,000 ಅಂತ ಹಿಡಿದರೆ ಐದು ಜನಕ್ಕೆ 60,000. ಅವನ ಎಲ್‌ಟಿಎ 40,000, ಹಾಗಾಗಿ ವಿನಾಯಿತಿ 40,000ಕ್ಕೆ. ಉಳಿಯೋ ತೆರಿಗೆ 8,320 ರೂಪಾಯಿ. ಒಂದು ಟಿಕೆಟ್ಟಿನ ಮೂರರಲ್ಲಿ ಎರಡು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಬಂತು ಅನ್ನಿ. ಒಂದೇ ಪ್ರವಾಸ ಉಳಿದಿರುವಾಗ ಅದನ್ನ ಉದ್ದದ ದಾರಿಗೆ, ಹೆಚ್ಚು ಜನ ಕೂಡಿ ಹೋಗುವಾಗ ಬಳಸೋದು ಲಾಭ.

ಬುಕ್ ಮಾಡೋ ಮುಂಚೆ

ಮೊದಲು ನೋಡಬೇಕಾದ್ದು ನೀವು ಯಾವ ತೆರಿಗೆ ಪದ್ಧತಿಯಲ್ಲಿದ್ದೀರಿ ಅಂತ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ. ನೀವೇನೂ ಆರಿಸದಿದ್ದರೆ ಹೊಸದರಲ್ಲೇ ಇರ್ತೀರಿ. ದೋಸ್ತನಿಗೆ ಮನೆ ಬಾಡಿಗೆ, 80ಸಿ ಎಲ್ಲಾ ಸೇರಿ ಹಳೇದೇ ಲಾಭ ಅಂತ ಮೊದಲೇ ಲೆಕ್ಕ ಹಾಕಿದ್ದ. ಬರೀ ಎಲ್‌ಟಿಎ ಸಲುವಾಗಿ ಹಳೇದಕ್ಕೆ ಹೋದರೆ ಸಾಮಾನ್ಯವಾಗಿ ನಷ್ಟವೇ.

ಎರಡನೇದು ತಾರೀಖು. 2026 ಎಂಬ ಒಂದು ಕ್ಯಾಲೆಂಡರ್ ವರ್ಷ ಎರಡು ಹಣಕಾಸು ವರ್ಷದಲ್ಲಿ ಹಂಚಿಕೊಂಡಿದೆ. ಮಾರ್ಚ್ 31ರ ಒಳಗೆ ಹೋಗಿಬಂದರೆ 2025-26ರ ಲೆಕ್ಕ, ದಾಖಲೆ ಕೂಡಲೇ ಕೊಡಬೇಕು. ಏಪ್ರಿಲ್ ನಂತರ ಹೋದರೆ ಮುಂದಿನ ವರ್ಷದ ಲೆಕ್ಕ. ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬರ್ತದೆ, ಆಗ ಯಾವ ಫಾರ್ಮ್ ಅಂತ ಪೇರೋಲ್‌ನಲ್ಲಿ ಕೇಳಿಕೊಳ್ಳಿ. ದೋಸ್ತ ಮಾರ್ಚ್ ಮೊದಲ ವಾರವನ್ನೇ ಆರಿಸಿದ.

ಮೂರನೇದು ಕಾಗದ. ಪ್ರಯಾಣದ ದಿನಗಳಿಗೆ ಆಫೀಸಿನಲ್ಲಿ ರಜೆ ಮಂಜೂರಾಗಿರಬೇಕು. ವಾರಾಣಸಿಯಲ್ಲಿ ಕೂತು ವರ್ಕ್ ಫ್ರಮ್ ಹೋಮ್ ಮಾಡಿದರೆ ಅದು ರಜೆ ಆಗೋದಿಲ್ಲ. ಟಿಕೆಟ್, ಬೋರ್ಡಿಂಗ್ ಪಾಸ್ ಎತ್ತಿಡಿ. ಪ್ಯಾಕೇಜ್ ಟೂರ್ ಆದರೆ ಪ್ರಯಾಣದ ದರ ಬೇರೆ ತೋರಿಸಿದ ಬಿಲ್ ಕೇಳಿ, ಒಟ್ಟು ಮೊತ್ತದ ಒಂದೇ ಬಿಲ್ ಇದ್ದರೆ ಕ್ಲೇಮ್ ತಿರಸ್ಕಾರ ಆಗೋ ಸಾಧ್ಯತೆ ಹೆಚ್ಚು. ಗಂಡ ಹೆಂಡತಿ ಇಬ್ಬರಿಗೂ ಎಲ್‌ಟಿಎ ಇದ್ದರೆ ಒಂದೇ ಟಿಕೆಟ್ಟನ್ನ ಇಬ್ಬರೂ ತೋರಿಸೋ ಹಾಗಿಲ್ಲ.

ನಿಮ್ಮ ಹಳೇ ಫಾರ್ಮ್ 16ರಲ್ಲಿ 10(5)ರ ಮುಂದೆ ಸೊನ್ನೆಗಳೇ ಕಂಡರೆ, ಮೊದಲು ಮನೆಯಲ್ಲಿ ಒಂದು ಮಾತು ಕೇಳಿ: ಅಪ್ಪ-ಅವ್ವ ನೋಡಬೇಕಂತ ಮುಂದಕ್ಕೆ ಹಾಕಿದ ಊರು ಯಾವುದು? ಆಮೇಲೆ ರಜೆ ಅರ್ಜಿ ಹಾಕಿ. ಡಿಸೆಂಬರ್‌ವರೆಗೆ ಟೈಮ್ ಐತಿ.